ವಿದ್ಯಾರ್ಥಿಗಳ ಕಿರುಚಿತ್ರ ಮತ್ತು ಅದರ ಖರ್ಚಿನ ಅಂದಾಜು

ಮೈಸೂರಿನ ಚಿದಾನಂದ ಎಸ್. ನಾಯ್ಕ ಎಂಬ ತರುಣರು ವೈದ್ಯಕೀಯ ವ್ಯಾಸಂಗವನ್ನು ಮುಗಿಸಿ, ಬಳಿಕ ಪುಣೆಯ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯನ್ನು ಸೇರಿ, ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಒಂದು ಕನ್ನಡ ಕಿರುಚಿತ್ರವನ್ನು ನಿರ್ಮಿಸಿದರು. ಕೋಳಿಯನ್ನು ಕದ್ದೊಯ್ದ ಮುದುಕಿಯೊಬ್ಬಳಿಂದಾಗಿ ಊರಿಗೆ ಬೆಳಗೇ ಆಗದೆ ಹೋಯಿತೆಂಬ ನಮ್ಮ ಜನಪದ ಕಥೆಯೇ ಅದರ ವಸ್ತು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಹೆಸರಿನ ಆ ಚಿತ್ರವು 2024ರಲ್ಲಿ ಫ್ರಾನ್ಸ್ ದೇಶದ ಕಾನ್ ಚಲನಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಪಡೆದ ಸಂಗತಿ ಪತ್ರಿಕೆಗಳನ್ನು ಓದುವವರಿಗೆಲ್ಲ ತಿಳಿದದ್ದೇ. ಆದರೆ ಹದಿನಾರು ನಿಮಿಷಗಳ ಆ ಚಿತ್ರದ ಚಿತ್ರೀಕರಣವು ಕೇವಲ ನಾಲ್ಕು ದಿನಗಳಲ್ಲಿ ನಡೆಯಿತೆಂಬುದು ಬಹುಮಾನದ ಸಂಭ್ರಮದಲ್ಲಿ ಮರೆಯಾಗಿಹೋಯಿತು. ಖರ್ಚಿನ ಅಂದಾಜನ್ನು ಕುರಿತು ಯೋಚಿಸುವವರಿಗಾದರೋ ಆ ಸಂಭ್ರಮಕ್ಕಿಂತ ಈ ‘ನಾಲ್ಕು ದಿನ’ ಎಂಬ ಮಾತೇ ಹೆಚ್ಚು ಬೆಲೆಯುಳ್ಳದ್ದು.

ಏಕೆಂದರೆ ಕಿರುಚಿತ್ರದ ಖರ್ಚನ್ನು ಅಳೆಯುವ ಮಾನ ರೂಪಾಯಿಯಲ್ಲ, ದಿನ. ಬಾಡಿಗೆಯ ಸಲಕರಣೆ ದಿನದ ಲೆಕ್ಕದಲ್ಲಿ ಬರುತ್ತದೆ; ಊಟ ದಿನದ ಲೆಕ್ಕದಲ್ಲಿ ಆಗುತ್ತದೆ; ವಾಹನವೂ ಹಾಗೆಯೇ; ಪರರ ಮನೆಯಲ್ಲಿ ಚಿತ್ರೀಕರಿಸಿದರೆ ಆ ಮನೆಯವರ ದುಡಿಮೆಯ ನಷ್ಟವೂ ದಿನದ ಲೆಕ್ಕದ್ದೇ. ಆದುದರಿಂದ ಮೊದಲು ಕಥೆಯನ್ನು ದಿನಗಳಾಗಿ ಒಡೆದು, ಅನಂತರ ದಿನಗಳನ್ನು ರೂಪಾಯಿಗಳಾಗಿ ಮಾರ್ಪಡಿಸುವುದೇ ಕ್ರಮ. ಎಷ್ಟೋ ವಿದ್ಯಾರ್ಥಿ ತಂಡಗಳು ಕೈಯಲ್ಲಿರುವ ಹಣವನ್ನು ಮೊದಲು ನೋಡಿ, ಅದಕ್ಕೆ ಒದಗುವ ಅತ್ಯುತ್ತಮ ಕ್ಯಾಮೆರಾವನ್ನು ಬಾಡಿಗೆಗೆ ತಂದು, ಆಮೇಲೆ ದಿನಗಳನ್ನು ಎಣಿಸುತ್ತವೆ. ಅವುಗಳ ಚಿತ್ರ ಬಹುಶಃ ಯಾರದೋ ಕಪಾಟಿನ ಡಿಸ್ಕಿನಲ್ಲಿ ಸಂಕಲನವಾಗದೆ ಮಲಗಿರುತ್ತದೆ. ಚಿತ್ರೀಕರಣಕ್ಕೆ ಹಣವಿದ್ದು ಸಂಕಲನಕ್ಕೆ ಇಲ್ಲದಂತಾಗುವುದೇ ವಿದ್ಯಾರ್ಥಿ ಚಿತ್ರಗಳಿಗೆ ಅಂಟಿಕೊಂಡ ಮುಖ್ಯ ರೋಗ. ದಾನಿಗಳು ಕೊಟ್ಟ ಹಣವೂ, ಮಕ್ಕಳ ಶ್ರಮವೂ ಒಟ್ಟಿಗೆ ವ್ಯರ್ಥವಾಗುವುದು ಈ ಸ್ಥಳದಲ್ಲಿಯೇ.

ವಿಷಯ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಶಿರೂರಿನ ವಿದ್ಯಾರ್ಥಿಗಳು ಹತ್ತು ನಿಮಿಷಗಳ ಒಂದು ಚಿತ್ರವನ್ನು ತೆಗೆಯಬೇಕೆಂದಿದ್ದಾರೆ. ಇಳಕಲ್ಲಿನ ವೃದ್ಧ ನೇಕಾರನೊಬ್ಬನು ತನ್ನ ಮೊಮ್ಮಗಳ ಮದುವೆಗೆ ಕೊನೆಯ ಸೀರೆಯೊಂದನ್ನು ನೇಯುವುದು ಕಥೆ. ತಂತ್ರಜ್ಞರೂ ಸಹಾಯಕರೂ ಸೇರಿ ಹನ್ನೊಂದು ಮಂದಿ, ನಟರು ಮೂವರು, ಒಟ್ಟು ಹದಿನಾಲ್ಕು ಜನ. ಇಲ್ಲಿ ಹೇಳುವ ದರಗಳು ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಂಡವು. ಅವು ಊರಿನಿಂದ ಊರಿಗೂ ವರ್ಷದಿಂದ ವರ್ಷಕ್ಕೂ ಬದಲಾಗುತ್ತವೆ. ಲೆಕ್ಕದ ದಾರಿ ಮಾತ್ರ ಬದಲಾಗುವುದಿಲ್ಲ.

ಕಥೆಯನ್ನು ದೃಶ್ಯಗಳಾಗಿಯೂ, ದೃಶ್ಯಗಳನ್ನು ‘ಶಾಟ್’ ಎಂದು ಕರೆಯಲಾಗುವ ಬಿಡಿ ತುಣುಕುಗಳಾಗಿಯೂ ವಿಂಗಡಿಸಿದಾಗ ಅರುವತ್ತು ಶಾಟುಗಳಾದುವೆಂದು ಇಟ್ಟುಕೊಂಡರೆ, ಒಂದೊಂದಕ್ಕೆ ಕ್ಯಾಮೆರಾ ನಿಲ್ಲಿಸಿ, ಬೆಳಕು ಹೊಂದಿಸಿ, ಎರಡು ಮೂರು ಬಾರಿ ಅಭಿನಯಿಸಿ ಮುಗಿಸಲು ಸರಾಸರಿ ಇಪ್ಪತ್ತೈದು ನಿಮಿಷ ಬೇಕು. ಹೊಸಬರಿಗೆ ಇದಕ್ಕಿಂತ ಕಡಿಮೆಯ ಅಂದಾಜು ದುಸ್ಸಾಹಸವೇ ಸರಿ. ದಿನಕ್ಕೆ ಇಪ್ಪತ್ತು ಶಾಟುಗಳೆಂದರೆ ಐದುನೂರು ನಿಮಿಷ, ಅಂದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ಊಟಕ್ಕೆ ಒಂದು ಗಂಟೆ, ಸ್ಥಳ ಬದಲಾವಣೆಗೆ ಒಂದು ಗಂಟೆ ಸೇರಿಸಿದರೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಫೆಬ್ರುವರಿ ತಿಂಗಳಲ್ಲಿ ನಮ್ಮ ಕಡೆ ಸೂರ್ಯನು ಹನ್ನೊಂದೂವರೆ ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಕಾಣಿಸಿಕೊಳ್ಳುತ್ತಾನೆ. ಹೀಗೆ ಮೂರು ದಿನಗಳಲ್ಲಿ ಚಿತ್ರ ಮುಗಿಯುವುದು ಸಾಧ್ಯ. ಆದರೆ ಉಳಿಯುವ ವೇಳೆ ದಿನಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು ಮಾತ್ರ. ಈ ಒಂದು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಮೊದಲನೆಯದು ಸಲಕರಣೆಗಳ ಬಾಡಿಗೆ. ಕ್ಯಾಮೆರಾ ಮತ್ತು ಎರಡು ಲೆನ್ಸುಗಳಿಗೆ ದಿನಕ್ಕೆ 2,500 ರೂಪಾಯಿ, ಧ್ವನಿಮುದ್ರಣ ಯಂತ್ರ ಹಾಗೂ ಮೈಕುಗಳಿಗೆ 1,000, ದೀಪಗಳು ಮತ್ತು ಮುಕ್ಕಾಲಿಗೆ 1,000, ಒಟ್ಟು ದಿನಕ್ಕೆ 4,500 ಎಂದು ಹಿಡಿಯಬಹುದು. ಇವು ದೊರೆಯುವ ಹುಬ್ಬಳ್ಳಿ ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದ್ದರಿಂದ ಚಿತ್ರೀಕರಣ ಮೂರು ದಿನದ್ದಾದರೂ ತರುವ, ಮರಳಿಸುವ ವೇಳೆ ಸೇರಿ ಬಾಡಿಗೆ ನಾಲ್ಕು ದಿನದ್ದಾಗುತ್ತದೆ: 18,000 ರೂಪಾಯಿ. ದಿನವನ್ನು ಇಪ್ಪತ್ತನಾಲ್ಕು ಗಂಟೆಗಳೆಂದು ಎಣಿಸುತ್ತಾರೆಯೋ ತಾರೀಖಿನಂತೆ ಎಣಿಸುತ್ತಾರೆಯೋ ಎಂಬುದನ್ನು ಅಂಗಡಿಯವರೊಡನೆ ಮೊದಲೇ ಮಾತನಾಡಿ ಬರೆಯಿಸಿಕೊಳ್ಳಬೇಕು. ಸಂಜೆ ಏಳಕ್ಕೆ ತಂದು ಸಂಜೆ ಏಳಕ್ಕೆ ಮರಳಿಸಿದ ತಂಡವೊಂದು ತಾರೀಖಿನ ಲೆಕ್ಕದಲ್ಲಿ ಒಂದು ದಿನದ ಬಾಡಿಗೆಯನ್ನು ಹೆಚ್ಚು ತೆರಬೇಕಾಗುತ್ತದೆ. ತಂದು ಕೊಡಲು ಹೋಗುವವರ ಪ್ರಯಾಣಕ್ಕೆ 2,000 ಪ್ರತ್ಯೇಕ.

ಇಲ್ಲಿಯೇ ಹೊಸಬರನ್ನು ಬೆಚ್ಚಿಬೀಳಿಸುವ ಇನ್ನೊಂದು ವಿಷಯವಿದೆ. ಬಾಡಿಗೆಯ ಅಂಗಡಿಯವರು ಭದ್ರತೆಗೆಂದು ಠೇವಣಿಯನ್ನು ಕೇಳುತ್ತಾರೆ. ಠೇವಣಿ ಖರ್ಚಲ್ಲ, ಮರಳಿ ಬರತಕ್ಕದ್ದು. ಆದುದರಿಂದ ಅಂದಾಜುಪಟ್ಟಿಯ ಮೊತ್ತದಲ್ಲಿ ಅದು ಸೇರುವುದಿಲ್ಲ. ಆದರೆ ಮೊದಲ ದಿನ ಬೆಳಗ್ಗೆ ಆ ಹಣ ಕೈಯಲ್ಲಿ ಇರಲೇಬೇಕು. ಊಟಕ್ಕೆಂದು ತೆಗೆದಿಟ್ಟ ಹಣವನ್ನು ಠೇವಣಿಗೆ ಕೊಟ್ಟು, ಮಧ್ಯಾಹ್ನ ಅಂಗಡಿಯಲ್ಲಿ ಸಾಲ ಹೇಳುವ ಪ್ರಸಂಗ ಇದರಿಂದಲೇ ಒದಗುವುದು. ಒಟ್ಟು ಎಷ್ಟು ಹಣ ಬೇಕು ಎಂಬುದೂ, ಯಾವ ದಿನ ಎಷ್ಟು ಹಣ ಕೈಯಲ್ಲಿರಬೇಕು ಎಂಬುದೂ ಎರಡು ಬೇರೆ ಬೇರೆ ಪ್ರಶ್ನೆಗಳು. ಸಲಕರಣೆಗಳನ್ನು ಪಡೆಯುವಾಗ ಲೆನ್ಸಿನ ಗೀರು, ಬ್ಯಾಟರಿಗಳ ಸಂಖ್ಯೆ, ತಂತಿಗಳ ಸ್ಥಿತಿ ಇವೆಲ್ಲವನ್ನೂ ಅಂಗಡಿಯವರ ಎದುರಿನಲ್ಲಿಯೇ ನೋಡಿ, ಭಾವಚಿತ್ರ ತೆಗೆದುಕೊಂಡು, ಪಟ್ಟಿಗೆ ಅವರ ಸಹಿ ಪಡೆದರೆ ಠೇವಣಿಯು ಪೂರ್ಣವಾಗಿ ಮರಳುತ್ತದೆ.

ಯಾವುದಕ್ಕೆ ಹೆಚ್ಚು ಹಣ ಕೊಡಬೇಕು ಎಂಬಲ್ಲಿ ಅಭಿಪ್ರಾಯಭೇದಗಳಿವೆ. ವಿದ್ಯಾರ್ಥಿಗಳಿಗೆ ಕ್ಯಾಮೆರಾದ ಮೋಹ ಸಹಜ. ಆದರೆ ನೋಡುಗನು ಮಸುಕಾದ ಚಿತ್ರವನ್ನು ಸಹಿಸಿಕೊಂಡಾನು, ಕೇಳಿಸದ ಮಾತನ್ನು ಸಹಿಸಲಾರ. ಇಳಕಲ್ಲಿನಲ್ಲಿ ಈ ಮಾತು ಇನ್ನೂ ನಿಜ. ಕೈಮಗ್ಗದ ಲಾಳಿಯ ಸಪ್ಪಳ ಚಿತ್ರಕ್ಕೆ ಬೇಕಾದದ್ದೇ. ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗಗಳಿದ್ದರೆ ಅವುಗಳ ಗದ್ದಲ ಮಾತ್ರ ಸಂಭಾಷಣೆಯ ಮೇಲೆ ಕುಳಿತುಬಿಡುತ್ತದೆ, ಅದನ್ನು ಪೂರ್ತಿಯಾಗಿ ಬಿಡಿಸಿ ತೆಗೆಯುವುದು ಸಂಕಲನಕಾರನಿಗೆ ಕಷ್ಟ. ಸ್ಥಳವನ್ನು ನೋಡಲು ಹೋದವರು ಬರಿಗಣ್ಣಿನಿಂದ ನೋಡಿ ಬರುವುದಲ್ಲ. ಚಿತ್ರೀಕರಣ ನಡೆಯಬೇಕಾದ ವೇಳೆಯಲ್ಲಿಯೇ ಹೋಗಿ, ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಬೇಕು. ಮಾತಿನ ದೃಶ್ಯಗಳನ್ನು ಆ ಮಗ್ಗಗಳು ನಿಂತಿರುವ ಹೊತ್ತಿಗೆ ಹೊಂದಿಸಬೇಕು. ಅಲ್ಲಿಂದ ಹೊರಡುವ ಮೊದಲು ಯಾರೂ ಮಾತನಾಡದ ಕೋಣೆಯ ಮೌನವನ್ನು ಒಂದು ನಿಮಿಷ ಮುದ್ರಿಸಿಕೊಂಡರೆ ಸಂಕಲನದಲ್ಲಿ ತುಣುಕು ತುಣುಕಾದ ಮಾತುಗಳ ನಡುವಿನ ಸಂದಿಗಳನ್ನು ಮುಚ್ಚಲು ಅದು ಬರುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಎರಡನೆಯದು ಸ್ಥಳಗಳ ಅನುಮತಿ. ಈ ಕಥೆಯನ್ನು ಬರೆದ ಹುಡುಗನು ಮೊಮ್ಮಗಳು ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ, ಭೂತನಾಥ ದೇವಾಲಯದ ಮುಂದೆ ನಿಂತು ಅಜ್ಜನನ್ನು ನೆನೆಯುವ ದೃಶ್ಯವೊಂದನ್ನು ಇಟ್ಟಿದ್ದಾನೆ ಎನ್ನೋಣ. ನಮ್ಮ ಜಿಲ್ಲೆಯ ಮಕ್ಕಳಿಗೆ ಇಂಥ ಆಸೆ ಬಾರದಿದ್ದರೆ ಆಶ್ಚರ್ಯಪಡಬೇಕು. ಬಾದಾಮಿ, ಐಹೊಳೆ, 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಇವುಗಳ ಸ್ಮಾರಕಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಅಧಿನಿಯಮದ ಅಡಿಯಲ್ಲಿ 1959ರಲ್ಲಿ ರಚಿತವಾದ ನಿಯಮಗಳ ಪ್ರಕಾರ ಇಂಥ ಸ್ಮಾರಕದಲ್ಲಿ ಚಲನಚಿತ್ರ ತೆಗೆಯಲು ಇಲಾಖೆಯ ಮಹಾನಿರ್ದೇಶಕರ ಪರವಾನಗಿ ಬೇಕು. ಅರ್ಜಿಯನ್ನು ಮುಂಚಿತವಾಗಿ ಸಲ್ಲಿಸಬೇಕು. ಶುಲ್ಕವನ್ನೂ ಠೇವಣಿಯನ್ನೂ ಕಟ್ಟಬೇಕು. ವಿದ್ಯುಜ್ಜನಕ ಯಂತ್ರವನ್ನು ಸ್ಮಾರಕದಿಂದ ದೂರ ಇಡಬೇಕು, ಸಂದರ್ಶಕರ ಓಡಾಟಕ್ಕೆ ಅಡ್ಡಿಯಾಗಬಾರದು, ನೀರು ಎಣ್ಣೆ ಮೊದಲಾದವು ಕಲ್ಲಿಗೆ ಸೋಕಬಾರದು ಎಂಬ ಷರತ್ತುಗಳೂ ಇವೆ. ಪ್ರವಾಸಿಯು ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಭಾವಚಿತ್ರ ತೆಗೆದುಕೊಳ್ಳುವುದು ಬೇರೆ, ಮುಕ್ಕಾಲಿಯನ್ನು ಊರುವುದು ಬೇರೆ. ಮುಕ್ಕಾಲಿಯನ್ನು ನೆಲಕ್ಕೆ ಊರಿದೊಡನೆ ಕಾವಲುಗಾರನು ಬಂದು ನಿಲ್ಲಿಸಿದರೆ ಅವನದು ತಪ್ಪಲ್ಲ.

ಈಗ ಅಂದಾಜು ಮಾಡುವವನ ಕೆಲಸ. ಹತ್ತು ನಿಮಿಷಗಳ ಚಿತ್ರದಲ್ಲಿ ಅರ್ಧ ನಿಮಿಷದ ದೃಶ್ಯಕ್ಕಾಗಿ ಅರ್ಜಿ, ಶುಲ್ಕ, ಬಾದಾಮಿಗೆ ಹದಿನಾಲ್ಕು ಜನರ ಪ್ರಯಾಣ, ಅರ್ಧ ದಿನ! ಇಲ್ಲಿ ಕಥೆಗಾರನೊಡನೆ ಮಾತನಾಡುವುದೇ ಅಗ್ಗದ ಮಾರ್ಗ. ಆ ಹುಡುಗಿಯು ಶಿರೂರಿನ ಹೊಲದ ಬದುವಿನ ಮೇಲೆ ನಿಂತು ನೆನೆದರೂ ಅಜ್ಜನು ಅಜ್ಜನೇ. ಹೊಲದ ಒಡೆಯರಿಗೆ 500 ರೂಪಾಯಿ ಕೊಟ್ಟರೆ ಮುಗಿಯಿತು. ಅನುಮತಿಯಿಲ್ಲದೆ ಬಾದಾಮಿಯಲ್ಲಿ ಕದ್ದು ಚಿತ್ರೀಕರಿಸಿದರೋ, ಆ ದೃಶ್ಯವಿರುವ ಚಿತ್ರವನ್ನು ಸ್ಪರ್ಧೆಗೆ ಕಳಿಸುವಾಗ ಅನುಮತಿಪತ್ರವನ್ನು ಕೇಳಿದರೆ ತೋರಿಸಲು ಏನೂ ಇರದು.

ಇಳಕಲ್ಲಿನ ಮನೆಯ ಅನುಮತಿ ಬೇರೆ ತೆರನಾದದ್ದು. ಅಲ್ಲಿ ಸರಕಾರದ ಕಾಗದವಿಲ್ಲ, ನೇಕಾರನ ದಿನದ ದುಡಿಮೆಯಿದೆ. ಎರಡು ದಿನ ಮಗ್ಗವನ್ನು ನಿಲ್ಲಿಸಿ ನಡೆಸಿ ನಿಲ್ಲಿಸಿದರೆ ಅವನ ಕೂಲಿ ಹೋಗುತ್ತದೆ. ದಿನಕ್ಕೆ 1,000ದಂತೆ 2,000 ರೂಪಾಯಿಯನ್ನು ಪಟ್ಟಿಯಲ್ಲಿ ತೋರಿಸಬೇಕು. ‘ನಮ್ಮ ಹುಡುಗರೇ’ ಎಂದು ಆತ ಬೇಡವೆಂದರೂ ಸರಿಯೆ, ಕೊಡಲೇಬೇಕು. ಅದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದನ್ನೇ ಕೊಂಡಿ ಎನ್ನುವುದು. ಚಿತ್ರದ ಜೀವಾಳವಾದ ದೃಶ್ಯ ಇದೇ. ಆದರೆ ಒಂದು ಸೀರೆಗೆ ಕೊಂಡಿ ಬೀಳುವುದು ಒಂದೇ ಬಾರಿ. ‘ಇನ್ನೊಮ್ಮೆ ಮಾಡಿ ತೋರಿಸಿ’ ಎಂದು ನಿರ್ದೇಶಕನು ಹೇಳುವಂತಿಲ್ಲ. ಆದ್ದರಿಂದ ಚಿತ್ರೀಕರಣದ ದಿನವನ್ನು ಶಾಲೆಯ ರಜೆಯಾಗಲಿ ಬಾಡಿಗೆಯ ಅಂಗಡಿಯಾಗಲಿ ನಿಶ್ಚಯಿಸಲಾಗದು, ಮಗ್ಗವೇ ನಿಶ್ಚಯಿಸಬೇಕು. ನೇಕಾರನನ್ನು ಕೇಳದೆ ಕ್ಯಾಮೆರಾ ತಂದವರಿಗೆ ಬರುವ ನಷ್ಟ ಪೂರ್ತಿ ಒಂದು ದಿನದ್ದು.

ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ, ಯಾವ ಸ್ಥಳ, ಯಾವ ದಿನಗಳು, ಎಷ್ಟು ಹಣ, ಚಿತ್ರವನ್ನು ಎಲ್ಲೆಲ್ಲಿ ತೋರಿಸಬಹುದು ಎಂದು ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಅಭಿನಯಿಸುವವರು ಅಪ್ರಾಪ್ತರಾದರೆ ತಂದೆತಾಯಿಗಳ ಸಹಿ. ರಸ್ತೆಯಲ್ಲಿ ಜನ ಕೂಡುವ ದೃಶ್ಯವಿದ್ದರೆ ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಶಾಲೆಯ ಪತ್ರ ಹೋಗಬೇಕು. ಪತ್ರವ್ಯವಹಾರ, ಪ್ರತಿಗಳಿಗೆ 500 ಸೇರಿಸಿದರೆ ಸ್ಥಳಗಳ ಬಾಬತ್ತು 3,000. ಉಡುಪು ಮತ್ತು ಸಾಮಾನುಗಳಿಗೆ ಇನ್ನೊಂದು 3,000, ಮೂರು ದಿನದ ಟೆಂಪೋಕ್ಕೆ 2,500ರಂತೆ 7,500.

ಮೂರನೆಯದಾದ ಊಟವನ್ನು ಹಗುರವಾಗಿ ಕಾಣುವವರೇ ಹೆಚ್ಚು. ತಲೆಗೆ ದಿನಕ್ಕೆ 250 ರೂಪಾಯಿಯಂತೆ ಹದಿನಾಲ್ಕು ಜನಕ್ಕೆ ದಿನಕ್ಕೆ 3,500, ಮೂರು ದಿನಕ್ಕೆ 10,500. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ ಊಟ, ಸಂಜೆ ಮಂಡಕ್ಕಿ ಮಿರ್ಚಿ, ನಡುನಡುವೆ ಚಹಾ, ಕುಡಿಯುವ ನೀರು ಇದರಲ್ಲಿ ಬಂದುವು. ಇದನ್ನು 150ಕ್ಕೆ ಇಳಿಸಿ 4,200 ರೂಪಾಯಿ ಉಳಿಸಿದೆವೆಂದು ಹಿಗ್ಗುವವರು ಹಿಂದೆ ಹೇಳಿದ ಆ ಒಂದು ಗಂಟೆಯನ್ನು ನೆನೆಯಬೇಕು. ಖಾನಾವಳಿಗೆ ಹದಿನಾಲ್ಕು ಜನ ಹೋಗಿ, ಕಾದು, ಉಂಡು, ಒಬ್ಬೊಬ್ಬರಾಗಿ ಮರಳುವಷ್ಟರಲ್ಲಿ ಊಟದ ಒಂದು ಗಂಟೆ ಎರಡಾಗುತ್ತದೆ. ಆಗ ಉಳಿಯಬೇಕಾಗಿದ್ದ ಆ ವೇಳೆ ಬಹುಮಟ್ಟಿಗೆ ತೀರಿಹೋಗುತ್ತದೆ. ಆದ್ದರಿಂದ ಊಟವು ಜನರಿದ್ದಲ್ಲಿಗೆ ಬರಬೇಕು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಇವು ಶಿರೂರಿನಿಂದ ಇಳಕಲ್ಲಿಗೆ ಕಟ್ಟಿಕೊಂಡು ಹೋದರೂ ಕೆಡುವುದಿಲ್ಲ, ತಣ್ಣಗಾದರೂ ರುಚಿ ಕಳೆದುಕೊಳ್ಳುವುದಿಲ್ಲ. ಅನ್ನ ಸಾರಿಗೆ ಈ ಗುಣವಿಲ್ಲ. ಊಟದ ಹೊಣೆಯನ್ನು ಚಿತ್ರೀಕರಣದಲ್ಲಿ ಬೇರೆ ಕೆಲಸವಿಲ್ಲದ ಒಬ್ಬನಿಗೇ ವಹಿಸಬೇಕು. ಅವನನ್ನೇ ದೀಪ ಹಿಡಿಯಲು ಕರೆದರೆ ಎರಡೂ ಕೆಡುತ್ತವೆ.

ಊರಿನ ಮನೆಯವರೊಬ್ಬರು ಒಂದು ದಿನದ ಊಟವನ್ನು ತಾವೇ ಕೊಡುವೆವೆಂದರೆ ಸಂತೋಷವೇ. ಆದರೆ ಪಟ್ಟಿಯಿಂದ ಆ 3,500ನ್ನು ಅಳಿಸಬಾರದು. ಖರ್ಚಿನ ಬದಿಯಲ್ಲಿ ಹಾಗೆಯೇ ಬರೆದು, ಜಮೆಯ ಬದಿಯಲ್ಲಿ ‘ಊಟದ ರೂಪದ ದೇಣಿಗೆ 3,500’ ಎಂದು ದಾನಿಗಳ ಹೆಸರಿನೊಡನೆ ತೋರಿಸಬೇಕು. ಇಲ್ಲವಾದರೆ ಮುಂದಿನ ವರ್ಷದ ತಂಡವು ಈ ಪಟ್ಟಿಯನ್ನು ನೋಡಿ ಊಟಕ್ಕೆ ಕಡಿಮೆ ಸಾಕೆಂದು ತಪ್ಪು ತಿಳಿಯುತ್ತದೆ.

ನಾಲ್ಕನೆಯದು ಸಂಕಲನ. ಕಾಲಕ್ರಮದಲ್ಲಿ ಕಡೆಯದಾದರೂ ಹಣವನ್ನು ತೆಗೆದಿಡುವಾಗ ಇದೇ ಮೊದಲನೆಯದಾಗಬೇಕು. ಚಿತ್ರಿಸಿಕೊಂಡ ಸಾಮಗ್ರಿ ಎಷ್ಟಾದೀತು? ಹತ್ತು ನಿಮಿಷದ ಚಿತ್ರಕ್ಕೆ ಎಂಟು ಪಟ್ಟು, ಅಂದರೆ ಎಂಬತ್ತು ನಿಮಿಷ ಎಂದು ಹಿಡಿದರೆ, ಸೆಕೆಂಡಿಗೆ ನೂರು ಮೆಗಾಬಿಟ್ ದರದಲ್ಲಿ ದಾಖಲಿಸುವ ಕ್ಯಾಮೆರಾದಲ್ಲಿ ನಿಮಿಷಕ್ಕೆ 750 ಮೆಗಾಬೈಟ್, ಒಟ್ಟು ಅರುವತ್ತು ಗಿಗಾಬೈಟ್. ಇದನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಪ್ರತಿ ಮಾಡಿ, ಎರಡೂ ತೆರೆಯುತ್ತವೆಂದು ನೋಡಿದ ಮೇಲೆಯೇ ಕ್ಯಾಮೆರಾದ ಕಾರ್ಡನ್ನು ಅಳಿಸಬೇಕು. ಒಂದೇ ಡಿಸ್ಕನ್ನು ನಂಬಿ ಅದು ಕೈಜಾರಿ ಬಿದ್ದರೆ ಮೂರು ದಿನದ ದುಡಿಮೆಯೆಲ್ಲ ಹೋಯಿತು. ಎರಡು ಡಿಸ್ಕುಗಳಿಗೆ 10,000 ರೂಪಾಯಿ ಹೆಚ್ಚೆನಿಸಿದರೂ ಇದರಲ್ಲಿ ಚೌಕಾಸಿ ಸಲ್ಲದು.

ಚಿತ್ರದ ತುಣುಕುಗಳನ್ನು ಜೋಡಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಶಾಲೆಯ ಕಂಪ್ಯೂಟರಿನಲ್ಲಿ ಮಾಡಬಹುದು. ಡಾವಿಂಚಿ ರಿಸಾಲ್ವ್‌ನಂತಹ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯೇ ಇದಕ್ಕೆ ಸಾಕು. ಯಂತ್ರ ನಿಧಾನವಾದರೆ ಮೂಲದ ಹಗುರ ಪ್ರತಿಗಳನ್ನು ಮಾಡಿಕೊಂಡು ಅವುಗಳ ಮೇಲೆ ಕೆಲಸ ಮಾಡಿ, ಕೊನೆಯಲ್ಲಿ ಮೂಲಕ್ಕೆ ಜೋಡಿಸುವ ಉಪಾಯವಿದೆ. ಧ್ವನಿಯ ಹದವನ್ನು ಮಾತ್ರ ಅನುಭವಿಗಳಿಂದ ಮಾಡಿಸುವುದು ಲೇಸು: ಎರಡು ದಿನದ ಧ್ವನಿಶಾಲೆಗೆ 6,000. ಬಣ್ಣದ ಹೊಂದಾಣಿಕೆಗೆ 4,000, ಬೇರೆ ಭಾಷೆಯವರಿಗಾಗಿ ಅಡಿಬರಹಕ್ಕೆ 1,500. ಡಿಸ್ಕುಗಳೂ ಸೇರಿ ಸಂಕಲನದ ಬಾಬತ್ತು 21,500. ಚಿತ್ರದ ಜೋಡಣೆ ಅಂತಿಮವಾಯಿತೆಂದು ಎಲ್ಲರೂ ಒಪ್ಪಿದ ಮೇಲೆಯೇ ಧ್ವನಿಶಾಲೆಗೆ ಹೋಗಬೇಕು. ಅಲ್ಲಿಂದ ಬಂದ ಮೇಲೆ ಒಂದು ದೃಶ್ಯವನ್ನು ನಾಲ್ಕು ಸೆಕೆಂಡು ಕತ್ತರಿಸಿದರೂ ಧ್ವನಿಯ ಕೆಲಸ ಪುನಃ ಆಗಬೇಕು, ಹಣವನ್ನೂ ಪುನಃ ಕೊಡಬೇಕು. ಹಿನ್ನೆಲೆಗೆ ಸಿನಿಮಾ ಹಾಡೊಂದನ್ನು ಸೇರಿಸುವ ಆಸೆಯನ್ನು ಬಿಡಬೇಕು, ಅದರ ಹಕ್ಕು ಬೇರೆಯವರದು. ಊರಿನ ಹಾಡುಗಾರ್ತಿಯೊಬ್ಬರ ಬೀಸುಕಲ್ಲಿನ ಪದವನ್ನು ಅವರ ಲಿಖಿತ ಒಪ್ಪಿಗೆಯೊಡನೆ ಮುದ್ರಿಸಿಕೊಂಡರೆ ಈ ಕಥೆಗೆ ಅದೇ ಹೆಚ್ಚು ಒಪ್ಪುತ್ತದೆ.

ಇನ್ನು ಮೊತ್ತ. ಬಾಡಿಗೆ 18,000, ಅದರ ಪ್ರಯಾಣ 2,000, ಟೆಂಪೋ 7,500, ಊಟ 10,500, ಸ್ಥಳ 3,000, ಉಡುಪು 3,000, ಸಂಕಲನ 21,500. ಒಟ್ಟು 65,500 ರೂಪಾಯಿ. ಇದರ ಮೇಲೆ ಅನಿರೀಕ್ಷಿತ ಖರ್ಚಿಗೆಂದು ಶೇಕಡಾ ಹತ್ತನ್ನು ಸೇರಿಸುವುದು ರೂಢಿ. ಅದು 6,550 ಆಗುತ್ತದೆ. ಆದರೆ ಈ ರೂಢಿಯನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು. ವಿದ್ಯಾರ್ಥಿ ಚಿತ್ರಗಳಲ್ಲಿ ಅನಿರೀಕ್ಷಿತವೆಂದರೆ ಹೆಚ್ಚಾಗಿ ಒಂದೇ: ಮಳೆಯಿಂದಲೋ, ಕರೆಂಟು ಹೋದದ್ದರಿಂದಲೋ, ಕೊಂಡಿಯ ದಿನ ಮುಂದಕ್ಕೆ ಹೋದದ್ದರಿಂದಲೋ ಚಿತ್ರೀಕರಣ ಇನ್ನೊಂದು ದಿನಕ್ಕೆ ಬೆಳೆಯುವುದು. ಆ ಒಂದು ದಿನದ ಬೆಲೆ ಎಷ್ಟು? ಬಾಡಿಗೆ 4,500, ಟೆಂಪೋ 2,500, ಊಟ 3,500, ಮಗ್ಗದ ನಷ್ಟ 1,000, ಒಟ್ಟು 11,500. ಶೇಕಡಾ ಹತ್ತರ ಕಾಯ್ದಿಟ್ಟ ಹಣಕ್ಕೆ ಈ ದಿನವನ್ನು ಹೊರುವ ಶಕ್ತಿಯಿಲ್ಲ. ಆಗ ಉಳಿದ 4,950 ಎಲ್ಲಿಂದ ಬರುತ್ತದೆ? ಸಂಕಲನದ ಹಣದಿಂದ. ಧ್ವನಿಶಾಲೆ ಹೋಗುತ್ತದೆ, ಚಿತ್ರ ಕಪಾಟು ಸೇರುತ್ತದೆ. ಹಿಂದೆ ಹೇಳಿದ ರೋಗದ ಮೂಲ ಇದೇ ಶೇಕಡಾ ಲೆಕ್ಕ. ಹಾಗಾಗಿ ಕಾಯ್ದಿಡುವ ಹಣ ಪೂರ್ತಿ ಒಂದು ದಿನದ ಬೆಲೆಗೆ ಕಡಿಮೆಯಿರಬಾರದು. ಈ ಚಿತ್ರದ ಅಂದಾಜು 65,500ಕ್ಕೆ 11,500 ಸೇರಿ 77,000 ರೂಪಾಯಿ. ಸಂಕಲನದ 21,500ನ್ನು ಬೇರೆ ಖಾತೆಯಲ್ಲಿಟ್ಟು, ಅಂತಿಮ ದಿನದ ಚಿತ್ರೀಕರಣ ಮುಗಿಯುವವರೆಗೆ ನಿರ್ದೇಶಕನೂ ಮುಟ್ಟದಂತೆ ಶಿಕ್ಷಕರೊಬ್ಬರ ಸಹಿಗೆ ಒಳಪಡಿಸಬೇಕು.

ಅಷ್ಟು ಹಣ ಕೂಡದಿದ್ದರೆ ಏನು ಮಾಡುವುದು? ದರಗಳನ್ನು ಹಿಂಡುವುದರಿಂದ ಹೆಚ್ಚೇನೂ ಉಳಿಯದು. ಶಾಟುಗಳನ್ನು ಅರುವತ್ತರಿಂದ ನಲವತ್ತಕ್ಕೆ ಇಳಿಸಿದರೆ ಒಂದು ದಿನವೇ ಉಳಿಯುತ್ತದೆ. ಶಿರೂರಿನ ದೃಶ್ಯಗಳನ್ನು ಬಿಟ್ಟು, ಎಲ್ಲವೂ ಮಗ್ಗದ ಮನೆಯಲ್ಲಿಯೇ ನಡೆಯುವಂತೆ ಕಥೆಯನ್ನು ತಿದ್ದಿದರೆ ಬಾಡಿಗೆ, ಟೆಂಪೋ, ಊಟ ಮೂರರಲ್ಲಿಯೂ ಸೇರಿ 10,500 ರೂಪಾಯಿ ಇಳಿಯುತ್ತದೆ, ಹೊಲದ 500 ಬೇರೆ.

ಚಿತ್ರ ಮುಗಿದ ಮೇಲೆ ಅಂದಾಜು, ನಿಜವಾದ ಖರ್ಚು, ವ್ಯತ್ಯಾಸ ಎಂಬ ಮೂರು ಅಂಕಣಗಳ ಪಟ್ಟಿಯನ್ನು ರಸೀತಿಗಳೊಡನೆ ದಾನಿಗಳಿಗೆ ಒಪ್ಪಿಸಬೇಕು. ರಸೀತಿ ದೊರೆಯದ ಕಡೆ, ಉದಾಹರಣೆಗೆ ರೊಟ್ಟಿ ತಟ್ಟಿಕೊಟ್ಟ ತಾಯಂದಿರಿಗೆ ಕೊಟ್ಟ ಹಣಕ್ಕೆ, ಸಹಿ ಅಥವಾ ಹೆಬ್ಬೆಟ್ಟಿನ ಚೀಟಿ ಸಾಕು. ಒಂದು ಡಿಸ್ಕನ್ನು ವಿದ್ಯಾರ್ಥಿಗಳು ಇಟ್ಟುಕೊಂಡು, ಇನ್ನೊಂದನ್ನು ಒಪ್ಪಿಗೆಯ ಪತ್ರಗಳಿರುವ ಲಕೋಟೆಯೊಡನೆ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಇರಿಸುವುದು ಯುಕ್ತ.